ರಜೆ ಚೀಟಿಗೆ ಸಹಿ ಹಾಕುವವರ ಲೆಕ್ಕ ಪರಿಶೋಧಿಸುವುದು

2002ರ ಜೂನ್ 11ರಂದು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಕ್ಲಿಂಟನ್ ಎಂಬ ಸಣ್ಣ ಊರಿನಲ್ಲಿ, ವರ್ಲ್ಡ್‌ಕಾಮ್ ಎಂಬ ದೂರಸಂಪರ್ಕ ಕಂಪನಿಯ ಹಣಕಾಸು ಮುಖ್ಯಸ್ಥ ಸ್ಕಾಟ್ ಸಲಿವನ್ ತಮ್ಮ ಅಧೀನ ಅಧಿಕಾರಿಯೊಬ್ಬರಿಗೆ ಒಂದು ಕೋರಿಕೆ ಇಟ್ಟರು. ಬಂಡವಾಳ ವೆಚ್ಚದ ಮೇಲೆ ನಡೆಯುತ್ತಿದ್ದ ಆಡಿಟ್ ಅನ್ನು ಮೂರನೇ ತ್ರೈಮಾಸಿಕದವರೆಗೆ ಮುಂದೂಡಿ ಎಂಬುದೇ ಆ ಕೋರಿಕೆ. ಆ ಅಧಿಕಾರಿ ಸಿಂಥಿಯಾ ಕೂಪರ್, ಕಂಪನಿಯ ಇಂಟರ್ನಲ್ ಆಡಿಟ್ ಮುಖ್ಯಸ್ಥೆ. ಅವರು ಒಪ್ಪಲಿಲ್ಲ. ಮರುದಿನವೇ ನಿರ್ದೇಶಕ ಮಂಡಳಿಯ ಆಡಿಟ್ ಸಮಿತಿಯ ಅಧ್ಯಕ್ಷ ಮ್ಯಾಕ್ಸ್ ಬಾಬಿಟ್ ಅವರಿಗೆ ವಿಷಯ ಮುಟ್ಟಿಸಿದರು. ಎರಡು ವಾರ ಕಳೆಯುವಷ್ಟರಲ್ಲಿ ಸಲಿವನ್ ಕೆಲಸ ಕಳೆದುಕೊಂಡಿದ್ದರು. ಜುಲೈ 21ರಂದು ಕಂಪನಿ ದಿವಾಳಿ ಅರ್ಜಿ ಹಾಕಿತು. ಅಲ್ಲಿಯವರೆಗಿನ ಅಮೆರಿಕದ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ದಿವಾಳಿ ಆಗಿರಲಿಲ್ಲ.

ಈ ಕಥೆಯನ್ನು ಸಾಮಾನ್ಯವಾಗಿ ಒಬ್ಬ ದಿಟ್ಟ ಮಹಿಳೆಯ ಕಥೆಯಾಗಿ ಹೇಳುತ್ತಾರೆ. ಆ ದಿಟ್ಟತನ ನಿಜ. ಆದರೆ ಕೂಪರ್ ಅವರಿಗೆ ಅಷ್ಟು ದಿಟ್ಟತನ ಯಾಕೆ ಬೇಕಾಯಿತು ಎಂದು ಕೇಳಿದರೆ ಕಂಪನಿಯ ರಚನೆಯೊಳಗಿದ್ದ ದೋಷ ಕಣ್ಣಿಗೆ ಬೀಳುತ್ತದೆ.

ಕಾಗದದ ಮೇಲೆ ಕೂಪರ್ ಇಬ್ಬರಿಗೆ ಉತ್ತರದಾಯಿ. ಆಡಿಟ್‌ನಲ್ಲಿ ಏನು ಸಿಕ್ಕಿತೆಂಬುದನ್ನು ಆಡಿಟ್ ಸಮಿತಿಗೆ ಹೇಳಬೇಕು. ಇದಕ್ಕೆ ಕಾರ್ಯಾತ್ಮಕ ವರದಿಗಾರಿಕೆ ಎನ್ನುತ್ತಾರೆ. ಸಂಬಳ, ಬಜೆಟ್, ರಜೆ, ಪ್ರಯಾಣ, ನೇಮಕಾತಿಯಂಥ ದಿನನಿತ್ಯದ ವಿಷಯಗಳಿಗೆ ಹಣಕಾಸು ಮುಖ್ಯಸ್ಥರ ಬಳಿ ಹೋಗಬೇಕು. ಇದು ಆಡಳಿತಾತ್ಮಕ ವರದಿಗಾರಿಕೆ. ಭಾರತದ ಎಷ್ಟೋ ಕಂಪನಿಗಳಲ್ಲೂ ಇದೇ ಏರ್ಪಾಡು ಇದೆ, ಮತ್ತು ಅದಕ್ಕೆ ಕಾರಣವೂ ಉಂಟು. ಆಡಿಟ್ ಸಮಿತಿಯ ಸದಸ್ಯರು ಮೂರು ತಿಂಗಳಿಗೊಮ್ಮೆ ಸೇರುವವರು. ಯಾರಿಗೆ ಲ್ಯಾಪ್‌ಟಾಪ್ ಬೇಕು, ಯಾರು ಹುಬ್ಬಳ್ಳಿಯ ಶಾಖೆಗೆ ಹೋಗಬೇಕು ಎಂಬುದನ್ನು ಅವರು ನೋಡಲಾರರು. ಲೆಕ್ಕದ ಭಾಷೆ ಬಲ್ಲ ಹಿರಿಯ ಅಧಿಕಾರಿ ಎಂದರೆ ಹಣಕಾಸು ಮುಖ್ಯಸ್ಥರೇ. ಹಾಗಾಗಿ ಆಡಿಟ್ ವಿಭಾಗ ಅವರ ನೆರಳಿಗೆ ಬರುತ್ತದೆ.

ತೊಡಕು ಇರುವುದು ಇಲ್ಲಿ. ಕಂಪನಿಯಲ್ಲಿ ಅತಿ ಹೆಚ್ಚು ಪರಿಶೋಧನೆ ಬೇಕಾದ ಜಾಗಗಳು, ಅಂದರೆ ಆದಾಯ ಯಾವಾಗ ತೋರಿಸಬೇಕು, ಬಾರದ ಸಾಲಕ್ಕೆ ಎಷ್ಟು ಹಣ ತೆಗೆದಿಡಬೇಕು, ಯಾವುದು ಖರ್ಚು, ಯಾವುದು ಆಸ್ತಿ ಎಂಬ ತೀರ್ಮಾನಗಳೆಲ್ಲ ಅದೇ ಹಣಕಾಸು ಮುಖ್ಯಸ್ಥರ ಕೈಯಲ್ಲಿರುತ್ತವೆ.

ವರ್ಲ್ಡ್‌ಕಾಮ್‌ನಲ್ಲಿ ಮೋಸ ನಡೆದದ್ದು ಈ ಕೊನೆಯ ತೀರ್ಮಾನದಲ್ಲಿ. ತನ್ನ ಗ್ರಾಹಕರ ಕರೆಗಳನ್ನು ಬೇರೆ ಕಂಪನಿಗಳ ತಂತಿಗಳ ಮೂಲಕ ಸಾಗಿಸಲು ಅದು ಬಾಡಿಗೆ ಕೊಡುತ್ತಿತ್ತು. ಅದು ಆಯಾ ತಿಂಗಳ ಖರ್ಚು. ಮನೆ ಬಾಡಿಗೆ ಕಟ್ಟಿದವರು ಮನೆಯನ್ನೇ ಕೊಂಡಂತೆ ಲೆಕ್ಕ ಬರೆದುಕೊಂಡರೆ ಹೇಗೋ ಹಾಗೆ, ಈ ಬಾಡಿಗೆಯ ಒಂದು ಭಾಗವನ್ನು ಆಸ್ತಿಯ ಖಾತೆಗೆ ದಾಟಿಸಲಾಯಿತು. ಆಸ್ತಿಯ ಬೆಲೆ ಹಲವು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಸವಕಳಿಯಾಗುವುದರಿಂದ ಆ ವರ್ಷದ ಖರ್ಚು ಕುಗ್ಗಿ ಲಾಭ ಉಬ್ಬುತ್ತದೆ. 2001ರಲ್ಲಿ 305.5 ಕೋಟಿ ಡಾಲರ್, 2002ರ ಮೊದಲ ಮೂರು ತಿಂಗಳಲ್ಲಿ 79.7 ಕೋಟಿ ಡಾಲರ್ ಹೀಗೆ ದಾಟಿತ್ತು. ಮುಂದಿನ ತನಿಖೆಗಳಲ್ಲಿ ಒಟ್ಟು ಅಕ್ರಮದ ಮೊತ್ತ 1,100 ಕೋಟಿ ಡಾಲರಿನ ಆಸುಪಾಸಿಗೆ ಏರಿತು.

ಇಷ್ಟು ದೊಡ್ಡದು ಒಳಗಿನ ಆಡಿಟರ್‌ಗಳ ಕಣ್ಣಿಗೆ ಒಂದು ವರ್ಷದವರೆಗೆ ಬೀಳದ್ದು ಹೇಗೆ? ನಿರ್ದೇಶಕ ಮಂಡಳಿಯೇ ನೇಮಿಸಿದ ವಿಶೇಷ ತನಿಖಾ ಸಮಿತಿ 2003ರಲ್ಲಿ ಕೊಟ್ಟ ವರದಿಯಲ್ಲಿ ಉತ್ತರವಿದೆ. ಸಲಿವನ್ ಯಾವ ಆಡಿಟ್ ಅನ್ನೂ ನಿಷೇಧಿಸಬೇಕಾಗಿರಲಿಲ್ಲ. ವಿಭಾಗದ ಕೆಲಸ ಬಹುಪಾಲು ಕಾರ್ಯಾಚರಣೆಯ ಸುತ್ತಲೇ ಇತ್ತು: ಎಲ್ಲಿ ಉಳಿತಾಯ ಮಾಡಬಹುದು, ಎಲ್ಲಿ ಬರಬೇಕಾದ ಹಣ ಸೋರುತ್ತಿದೆ ಎಂದು ಹುಡುಕುವುದು. ಹಣಕಾಸಿನ ಲೆಕ್ಕ ನೋಡುವುದು ಹೊರಗಿನ ಆಡಿಟರ್ ಆರ್ಥರ್ ಆ್ಯಂಡರ್ಸನ್ ಸಂಸ್ಥೆಯ ಪಾಲಿಗೆ ಬಿಟ್ಟಿತ್ತು. ವಿಭಾಗದಲ್ಲಿ ಜನ ಸಾಲದಾಗಿತ್ತು. ವರ್ಷದ ಯೋಜನೆಯನ್ನು ಆಡಿಟ್ ಸಮಿತಿ ಮಂಜೂರು ಮಾಡುತ್ತಿತ್ತು, ಆದರೆ ನಡುವೆ ಆಡಳಿತದ ಕೋರಿಕೆಯ ಮೇಲೆ ಬೇರೆ ಕೆಲಸಗಳು ನುಗ್ಗಿ, ಯೋಜನೆಯ ಕೆಲಸಗಳು ಹಿಂದೆ ಬೀಳುತ್ತಿದ್ದವು. ಯಾರೂ ಬೆದರಿಸದೆ, ಯಾವ ಕಡತವನ್ನೂ ಮುಚ್ಚಿಡದೆ ಆಡಿಟರ್‌ನ ನೋಟವನ್ನು ಬೇರೆ ಕಡೆ ತಿರುಗಿಸಿಡಲು ಇಷ್ಟು ಸಾಕಾಯಿತು.

ಬೆದರಿಕೆ ಬಂದದ್ದು ಆ ನೋಟ ಹಣಕಾಸಿನ ಕಡೆ ಹೊರಳಿದ ಮೇಲೆ. 2002ರ ಮಾರ್ಚ್‌ನಲ್ಲಿ ವೈರ್‌ಲೆಸ್ ವಿಭಾಗದ ಮುಖ್ಯಸ್ಥರು ಕೂಪರ್ ಬಳಿ ದೂರು ತಂದರು. ಗ್ರಾಹಕರಿಂದ ವಸೂಲಾಗದ ಬಾಕಿಗೆಂದು ತೆಗೆದಿಟ್ಟ 40 ಕೋಟಿ ಡಾಲರ್ ಅನ್ನು ಲಾಭಕ್ಕೆ ಸೇರಿಸಲು ಸಲಿವನ್ ಹೊರಟಿದ್ದಾರೆ ಎಂಬುದು ದೂರು. ಕೂಪರ್ ಅದನ್ನು ಆಡಿಟ್ ಸಮಿತಿಯ ಮುಂದೆ ಎತ್ತಿದರು. ಸಲಿವನ್ ಹಿಂದೆ ಸರಿದರು. ಮರುದಿನ ಅವರಿಂದ ಕೂಪರ್‌ಗೆ ಸಿಟ್ಟಿನ ಫೋನ್ ಬಂತು: ಇಂಥ ವಿಷಯಕ್ಕೆ ಇನ್ನು ತಲೆ ಹಾಕಬೇಡಿ ಎಂದು. ಅದನ್ನು ಹೇಳಿದವರು ಅವರ ವಿಭಾಗದ ಬಜೆಟ್ಟನ್ನು ಕೈಯಲ್ಲಿ ಹಿಡಿದವರು.

ಆಮೇಲಿನ ಪತ್ತೆದಾರಿಯ ಒಂದು ವಿವರ ಎಲ್ಲ ಆಡಿಟ್ ಸಮಿತಿಗಳೂ ಗಮನಿಸಬೇಕಾದದ್ದು. ಲೆಕ್ಕದ ಮೂಲ ನಮೂದುಗಳನ್ನೆಲ್ಲ ಕಂಪ್ಯೂಟರ್‌ನಲ್ಲಿ ನೋಡುವ ಪೂರ್ಣ ಅವಕಾಶ ಆಡಿಟ್ ವಿಭಾಗಕ್ಕೆ ಇರಲಿಲ್ಲ. ಅದು ಸಿಗಬೇಕಾದರೆ ಸಲಿವನ್ ಅವರ ಕೈಕೆಳಗಿನ ಲೆಕ್ಕಪತ್ರ ವಿಭಾಗ ಒಪ್ಪಬೇಕಿತ್ತು. ಕೂಪರ್ ತಂಡದ ಜೀನ್ ಮೋರ್ಸ್ ಐಟಿ ವಿಭಾಗ ಪರೀಕ್ಷಿಸುತ್ತಿದ್ದ ಹೊಸ ತಂತ್ರಾಂಶದ ಮೂಲಕ ದಾರಿ ಕಂಡುಕೊಂಡರು. ಹಗಲು ಹುಡುಕಿದರೆ ಸರ್ವರ್ ನಿಧಾನವಾಗಿ ಯಾರಿಗಾದರೂ ಸುಳಿವು ಸಿಕ್ಕೀತೆಂದು ರಾತ್ರಿ ಕೆಲಸ ಮಾಡಿದರು. ಬಿಲ್ಲು, ಕರಾರು ಯಾವುದೂ ಇಲ್ಲದ 50 ಕೋಟಿ ಡಾಲರಿನ ನಮೂದು ಸಿಕ್ಕಿದ್ದು ಹೀಗೆ. ಸಾಕ್ಷ್ಯ ಅಳಿಸಿಹೋದೀತೆಂಬ ಭಯಕ್ಕೆ ಮಾಹಿತಿಯನ್ನು ಸಿ.ಡಿ.ಗಳಿಗೆ ಇಳಿಸಿಕೊಂಡರು. ತಮ್ಮದೇ ಕಂಪನಿಯ ಪುಸ್ತಕ ನೋಡಲು ಆಡಿಟರ್‌ಗಳು ಕದ್ದುಮುಚ್ಚಿ ಕೆಲಸ ಮಾಡಬೇಕಾದ ಸ್ಥಿತಿ ಅದು.

ಹಾಗಾದರೆ ಆಡಿಟ್ ಮುಖ್ಯಸ್ಥರನ್ನು ಹಣಕಾಸು ಮುಖ್ಯಸ್ಥರಿಂದ ಬಿಡಿಸಿ ಸಿಇಒ ಅಡಿಗೆ ತಂದುಬಿಟ್ಟರೆ ಮುಗಿಯಿತೇ? ಸಾಧ್ಯವಿದ್ದರೆ ಅದೇ ಒಳ್ಳೆಯದು. ಆಗದಿದ್ದಾಗ ಆಡಳಿತ ಎಂಬ ಹೆಸರಿನಡಿ ಏನೇನು ಸೇರಿದೆ ಎಂಬುದನ್ನು ಬಿಡಿಸಿ ನೋಡಿ, ಅಧಿಕಾರ ಅಡಗಿರುವ ಎಳೆಗಳನ್ನು ಮಾತ್ರ ಹೊರಗೆಳೆದು ಸಮಿತಿಯ ಕೈಗೆ ಕೊಡಬೇಕು. ರಜೆ ಚೀಟಿ, ಪ್ರಯಾಣ ಭತ್ಯೆ, ಹಾಜರಾತಿ ಹಣಕಾಸು ಮುಖ್ಯಸ್ಥರ ಬಳಿಯೇ ಇರಲಿ. ನೇಮಕ, ವಜಾ, ಸಂಬಳದ ಏರಿಕೆ, ವಾರ್ಷಿಕ ಮೌಲ್ಯಮಾಪನ, ವಿಭಾಗದ ಒಟ್ಟು ಬಜೆಟ್, ಯೋಜನೆಯಲ್ಲಿ ಬದಲಾವಣೆ, ಕಂಪ್ಯೂಟರ್ ದಾಖಲೆಗಳ ಪ್ರವೇಶ ಇವು ಅವರ ಒಬ್ಬರ ಕೈಯಲ್ಲಿ ಇರಬಾರದು.

ಇದು ಪ್ರತಿದಿನದ ಕೆಲಸದಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ಒಂದು ಕಾಲ್ಪನಿಕ ಕಂಪನಿಯನ್ನು ತೆಗೆದುಕೊಳ್ಳೋಣ. ಬಾರದ ಬಾಕಿಗಳಿಗೆ ತೆಗೆದಿಟ್ಟ ಮೊತ್ತದ ಆಡಿಟ್ ಅಲ್ಲಿ ಫೆಬ್ರವರಿಗೆ ನಿಗದಿಯಾಗಿದೆ. ಜನವರಿ ಕೊನೆಯಲ್ಲಿ ಹಣಕಾಸು ಮುಖ್ಯಸ್ಥರು ಆಡಿಟ್ ಮುಖ್ಯಸ್ಥರನ್ನು ಕರೆದು, ವರ್ಷಾಂತ್ಯದ ಗಡಿಬಿಡಿ, ನಮ್ಮ ಹುಡುಗರಿಗೆ ಪುರುಸೊತ್ತಿಲ್ಲ, ಮೇ ತಿಂಗಳಲ್ಲಿ ಇಟ್ಟುಕೊಳ್ಳಿ ಎನ್ನುತ್ತಾರೆ. ಮಾತಿನಲ್ಲಿ ತಪ್ಪಿಲ್ಲ, ಗಡಿಬಿಡಿಯೂ ನಿಜ. ಆದರೆ ಮೇ ಹೊತ್ತಿಗೆ ಲೆಕ್ಕ ಮುಚ್ಚಿ, ಲಾಭ ಪ್ರಕಟವಾಗಿರುತ್ತದೆ. ಆಡಿಟ್‌ನಿಂದ ಆ ವರ್ಷದ ಅಂಕಿ ಬದಲಾಗುವ ಅವಕಾಶ ಮುಗಿದಿರುತ್ತದೆ. ನಿಯಮ ಸರಿಯಿದ್ದ ಕಡೆ ಆಡಿಟ್ ಮುಖ್ಯಸ್ಥರು ವಾದಕ್ಕೆ ಇಳಿಯಬೇಕಿಲ್ಲ. ಹಣಕಾಸು ವಿಭಾಗದ ಯಾವ ಆಡಿಟ್ ಮುಂದೂಡಬೇಕಾದರೂ ಸಮಿತಿ ಅಧ್ಯಕ್ಷರ ಲಿಖಿತ ಒಪ್ಪಿಗೆ ಬೇಕು ಎಂದು ಆಡಿಟ್ ಸನ್ನದಿನಲ್ಲಿ ಬರೆದಿದ್ದರೆ, ತಾವು ಕೋರಿಕೆ ಕಳಿಸಿ ಸಾರ್, ಅಧ್ಯಕ್ಷರಿಗೆ ಮುಟ್ಟಿಸುತ್ತೇನೆ ಎಂದಷ್ಟೇ ಹೇಳಿದರೆ ಸಾಕು. ಪ್ರಾಮಾಣಿಕ ಕಾರಣವಿದ್ದವರು ಬರೆದು ಕಳಿಸುತ್ತಾರೆ. ಇಲ್ಲದವರು ಹೆಚ್ಚಿನ ಸಲ ವಿಷಯವನ್ನು ಅಲ್ಲಿಗೇ ಬಿಡುತ್ತಾರೆ.

ಅದೇ ಆಡಿಟ್‌ನ ಕರಡು ವರದಿಗೂ ಇಂಥ ಕಟ್ಟು ಬೇಕು. ಹಣಕಾಸು ವಿಭಾಗದ ಉತ್ತರ ಪಡೆಯಲು ಕರಡು ಅವರಿಗೆ ಹೋಗಲೇಬೇಕು, ಅದು ನ್ಯಾಯ. ಆದರೆ ಅದೇ ದಿನ ಒಂದು ಪ್ರತಿ ಸಮಿತಿ ಅಧ್ಯಕ್ಷರಿಗೂ ಹೋಗಿದ್ದರೆ, ‘ಗಂಭೀರ’ ಎಂದಿದ್ದ ಅಂಶ ಅಂತಿಮ ವರದಿಯಲ್ಲಿ ‘ಸಾಧಾರಣ’ ಆದದ್ದು ಏಕೆ ಎಂದು ಕೇಳುವವರು ಒಬ್ಬರಿರುತ್ತಾರೆ.

ಭಾರತದ ಕಾನೂನು ಇಲ್ಲಿ ಅರ್ಧ ದಾರಿ ಬಂದಿದೆ. 2013ರ ಕಂಪನಿ ಕಾಯ್ದೆಯ 138ನೇ ಕಲಮು ನಿಗದಿತ ವರ್ಗದ ಕಂಪನಿಗಳಿಗೆ ಇಂಟರ್ನಲ್ ಆಡಿಟ್ ಕಡ್ಡಾಯ ಮಾಡಿದೆ. ಪಟ್ಟಿಯಾದ ಕಂಪನಿಗಳ ಆಡಿಟ್ ಸಮಿತಿ ಆಡಿಟ್ ವಿಭಾಗದ ಸಿಬ್ಬಂದಿ, ಮುಖ್ಯಸ್ಥರ ಹಿರಿತನ, ವರದಿಗಾರಿಕೆಯ ರಚನೆಯನ್ನೂ, ಮುಖ್ಯಸ್ಥರ ನೇಮಕ, ತೆಗೆದುಹಾಕುವಿಕೆ, ಸಂಭಾವನೆಯನ್ನೂ ಪರಿಶೀಲಿಸಬೇಕೆಂದು ಸೆಬಿಯ 2015ರ ನಿಯಮಗಳು ಹೇಳುತ್ತವೆ. ಆದರೆ ಆಡಿಟರ್ ನೇರವಾಗಿ ಸಮಿತಿಗೇ ವರದಿ ಮಾಡುವುದನ್ನು ಐಚ್ಛಿಕ ಪಟ್ಟಿಗೆ ಸೇರಿಸಿವೆ. ಇದು ಕಡ್ಡಾಯ ಆಗಬೇಕಿತ್ತು.

ಬ್ಯಾಂಕುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಹೆಚ್ಚು ಖಚಿತವಾಗಿದೆ. 2021ರ ಜನವರಿಯ ಸುತ್ತೋಲೆಯ ಪ್ರಕಾರ ಆಡಿಟ್ ಮುಖ್ಯಸ್ಥರು ಆಡಿಟ್ ಸಮಿತಿಗೋ, ಎಂ.ಡಿ.ಗೋ, ಪೂರ್ಣಾವಧಿ ನಿರ್ದೇಶಕರಿಗೋ ವರದಿ ಮಾಡಬೇಕು. ಆಡಳಿತದ ಒಬ್ಬರಿಗೆ ವರದಿ ಮಾಡುವುದಾದರೆ ಅವರ ಮೌಲ್ಯಮಾಪನವನ್ನು ಸಮಿತಿ ಮರುಪರಿಶೀಲಿಸಬೇಕು, ಅಂತಿಮ ಒಪ್ಪಿಗೆ ಮಂಡಳಿಯದು. ಜೊತೆಗೆ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಆಡಳಿತದವರನ್ನು ಹೊರಗಿಟ್ಟು ಆಡಿಟ್ ಮುಖ್ಯಸ್ಥರನ್ನು ಭೇಟಿಯಾಗಬೇಕು. ಈ ಮುಚ್ಚಿದ ಬಾಗಿಲ ಭೇಟಿ ಪ್ರತಿ ತ್ರೈಮಾಸಿಕದಲ್ಲೂ ತಾನಾಗಿಯೇ ಕಾರ್ಯಸೂಚಿಯಲ್ಲಿ ಇರಬೇಕು. ಆಡಿಟರ್ ತಾನೇ ಕೇಳಿಕೊಂಡು ಹೋಗಬೇಕಾದಲ್ಲಿ, ಕೇಳಿದ ಕ್ಷಣವೇ ಏನೋ ಇದೆ ಎಂದು ಇಡೀ ಕಚೇರಿಗೆ ಗೊತ್ತಾಗುತ್ತದೆ.

ಈ ರಕ್ಷಣೆಗಳಿಗೂ ಮಿತಿ ಇದೆ. ಕೂಪರ್ ಮಾತು ಕೇಳಿದ ಬಾಬಿಟ್ ಕೂಡ ವಿಷಯವನ್ನು ಸಮಿತಿಯ ಮುಂದೆ ಆ ಕ್ಷಣವೇ ಇಡಲಿಲ್ಲ. ಹೊಸದಾಗಿ ಬಂದಿದ್ದ ಹೊರ ಆಡಿಟರ್ ಕೆಪಿಎಂಜಿ ಜೊತೆ ಮೊದಲು ಪರಿಶೀಲಿಸಲಿ ಎಂದರು, ಸಮಿತಿ ಅದನ್ನು ಚರ್ಚಿಸಿದ್ದು ಜೂನ್ 20ರಂದು. ಹೈದರಾಬಾದಿನ ಸತ್ಯಂ ಪ್ರಕರಣದಲ್ಲಿ 2015ರಲ್ಲಿ ಶಿಕ್ಷೆಯಾದ ಹತ್ತು ಜನರಲ್ಲಿ ಕಂಪನಿಯ ಇಂಟರ್ನಲ್ ಆಡಿಟ್ ಮುಖ್ಯಸ್ಥರೂ ಒಬ್ಬರು. ಆಡಿಟರ್‌ನನ್ನು ಒತ್ತಡದಿಂದ ಕಾಯುವ ನಿಯಮ, ಆತನೇ ಕೈಜೋಡಿಸಿದರೆ ಏನೂ ಮಾಡಲಾರದು.

ಕರ್ನಾಟಕದ ಎಷ್ಟೋ ಖಾಸಗಿ ಕಂಪನಿಗಳಿಗೆ ಇನ್ನೊಂದು ತೊಡಕಿದೆ. 200 ಕೋಟಿ ರೂಪಾಯಿ ವಹಿವಾಟು ಮುಟ್ಟಿದ ಪ್ರೈವೇಟ್ ಲಿಮಿಟೆಡ್ ಕಂಪನಿಗೂ ಇಂಟರ್ನಲ್ ಆಡಿಟ್ ಕಡ್ಡಾಯ, ಆದರೆ ಆಡಿಟ್ ಸಮಿತಿ ಕಡ್ಡಾಯವಲ್ಲ. ಕೆಲಸವನ್ನು ಹೊರಗಿನ ಚಾರ್ಟರ್ಡ್ ಅಕೌಂಟೆಂಟ್ ಸಂಸ್ಥೆಗೆ ವಹಿಸಬಹುದು. ಆಗ ಕರಾರು, ಶುಲ್ಕ, ಮುಂದಿನ ವರ್ಷದ ನವೀಕರಣ ಎಲ್ಲವೂ ಹಣಕಾಸು ಮುಖ್ಯಸ್ಥರ ಮೇಜಿನ ಮೇಲೇ ತೀರ್ಮಾನವಾಗುವ ಸಂಭವ ಹೆಚ್ಚು. ಹೊರಗಿನವರು, ಹಾಗಾಗಿ ಸ್ವತಂತ್ರರು ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ. ಆಡಿಟ್‌ನ ವ್ಯಾಪ್ತಿ ಮತ್ತು ವಿಧಾನವನ್ನು ಸಮಿತಿ ಅಥವಾ ಮಂಡಳಿಯೇ ಆಡಿಟರ್ ಜೊತೆ ಚರ್ಚಿಸಿ ರೂಪಿಸಬೇಕೆಂದು 2014ರ ಲೆಕ್ಕಪತ್ರ ನಿಯಮಗಳಲ್ಲಿ 13ನೆಯದು ಹೇಳುತ್ತದೆ. ಸಮಿತಿ ಇಲ್ಲದ ಕಡೆ ಹಣಕಾಸಿನ ಹೊಣೆಯಿಲ್ಲದ ಒಬ್ಬ ನಿರ್ದೇಶಕರನ್ನು ಇದಕ್ಕೆಂದು ಗೊತ್ತುಪಡಿಸಿ, ಕರಾರಿಗೆ ಅವರ ಸಹಿ ಹಾಕಿಸಿ, ಕಳೆದ ಮೂರು ವರ್ಷಗಳಲ್ಲಿ ಹಣಕಾಸು ವಿಭಾಗದ ಯಾವ ಕೆಲಸ ಒಮ್ಮೆಯೂ ಆಡಿಟ್‌ಗೆ ಒಳಪಟ್ಟಿಲ್ಲ ಎಂಬ ಪಟ್ಟಿಯನ್ನು ಮೊದಲ ಭೇಟಿಯಲ್ಲೇ ಅವರು ತರಿಸಿಕೊಳ್ಳುವಂತೆ ಮಾಡಬಹುದು.