ಒಳಗಿನ ವಿಳಾಸ, ಹೊರಗಿನ ವಿಳಾಸ

ಬೆಂಗಳೂರಿನಲ್ಲಿ ಮುಖ್ಯ ಕಚೇರಿ, ಹುಬ್ಬಳ್ಳಿಯಲ್ಲಿ ಶಾಖೆ ಇರುವ ಒಂದು ಸಂಸ್ಥೆಯನ್ನು ಊಹಿಸಿಕೊಳ್ಳಿ. ಶಾಖೆಯ ಕಂಪ್ಯೂಟರಿನ ವಿಳಾಸ 10.2.0.20, ಬೆಂಗಳೂರಿನ ಲೆಕ್ಕಪತ್ರದ ಸರ್ವರ್‌ನದು 10.1.0.5. 10ರಿಂದ ಶುರುವಾಗುವ ವಿಳಾಸಗಳು ಖಾಸಗಿ ಜಾಲದೊಳಗೆ ಮಾತ್ರ ನಡೆಯುತ್ತವೆ. ಸಾರ್ವಜನಿಕ ಅಂತರ್ಜಾಲದಲ್ಲಿ ಅವಕ್ಕೆ ದಾರಿಯೇ ಇಲ್ಲ. ಹೀಗಾಗಿ ಎರಡೂ ಕಡೆಯ ರೂಟರ್‌ಗಳು ಮಾಹಿತಿಯ ಗುಟ್ಟು ಕಾಯುವುದರ ಜೊತೆಗೆ ಅದಕ್ಕೆ ದಾರಿಯನ್ನೂ ಮಾಡಿಕೊಡಬೇಕು.

ಐಪಿಸೆಕ್‌ನ ಟನಲ್ ಮೋಡ್ ಎರಡನ್ನೂ ಒಟ್ಟಿಗೆ ಮಾಡುತ್ತದೆ. ರೂಟರ್‌ಗಳು ಮೊದಲು ಪರಸ್ಪರ ಗುರುತು ಖಚಿತಪಡಿಸಿಕೊಂಡು, ಗೂಢಲಿಪಿಯ ಕೀಲಿಗಳನ್ನು ಒಪ್ಪಿಕೊಳ್ಳುತ್ತವೆ. ಬಳಿಕ ಹುಬ್ಬಳ್ಳಿಯ ರೂಟರ್ ಒಳಗಿನಿಂದ ಬಂದ ಪ್ಯಾಕೆಟನ್ನು ವಿಳಾಸದ ಸಮೇತ ಗೂಢಲಿಪಿಗೆ ಇಳಿಸಿ, ಅದರ ಮುಂದೆ ಹೊಸ ವಿಳಾಸ ಬರೆಯುತ್ತದೆ: ಕಳಿಸುವವರ ಜಾಗದಲ್ಲಿ ತನ್ನ ಸಾರ್ವಜನಿಕ ವಿಳಾಸ, ಪಡೆಯುವವರ ಜಾಗದಲ್ಲಿ ಬೆಂಗಳೂರಿನ ರೂಟರ್‌ನದು. ನಡುವೆ ಕದ್ದು ನೋಡಿದವರಿಗೆ ಎರಡು ರೂಟರ್‌ಗಳು ಮಾತಾಡುತ್ತಿವೆ ಎಂಬುದು ಕಾಣುತ್ತದೆ, ಎಷ್ಟು ಮತ್ತು ಯಾವಾಗ ಎಂಬುದೂ ಕಾಣುತ್ತದೆ. ಯಾವ ಕಂಪ್ಯೂಟರ್ ಯಾವ ಸರ್ವರ್‌ಗೆ ಏನು ಕೇಳಿತು ಎಂಬುದು ಮಾತ್ರ ಕಾಣದು. ದಾರಿಯಲ್ಲಿ ಯಾರಾದರೂ ಒಂದು ಬಿಟ್ ಬದಲಿಸಿದರೂ ಬೆಂಗಳೂರಿನ ರೂಟರ್ ಆ ಪ್ಯಾಕೆಟನ್ನು ಎಸೆದುಬಿಡುತ್ತದೆ.

ಟ್ರಾನ್ಸ್‌ಪೋರ್ಟ್ ಮೋಡ್‌ನಲ್ಲಿ ಮೂಲ ವಿಳಾಸ ಹಾಗೆಯೇ ಉಳಿದು, ಒಳಗಿನ ಸರಕು ಮಾತ್ರ ಗೂಢಲಿಪಿಯಾಗುತ್ತದೆ. ಎರಡು ಸರ್ವರ್‌ಗಳು ತಾವೇ ನೇರವಾಗಿ ಮಾತಾಡುವಾಗ ಇದು ಸಾಕು, ಪ್ಯಾಕೆಟ್ಟಿನ ತೂಕವೂ ಕಡಿಮೆ. ಆದರೆ ಇಡೀ ಕಚೇರಿಯ ಪರವಾಗಿ ರೂಟರ್ ನಿಂತಿರುವ ನಮ್ಮ ಉದಾಹರಣೆಯಲ್ಲಿ ಇದರಿಂದ ಪ್ರಯೋಜನವಿಲ್ಲ: 10.1.0.5 ಎಂದು ಬರೆದ ಪ್ಯಾಕೆಟ್ಟು ಅಂತರ್ಜಾಲದಲ್ಲಿ ಎಲ್ಲಿಗೂ ತಲುಪುವುದಿಲ್ಲ.

ಟನಲ್‌ನ ರಕ್ಷಣೆ ರೂಟರ್‌ನಿಂದ ರೂಟರ್‌ವರೆಗೆ ಅಷ್ಟೆ. ಹುಬ್ಬಳ್ಳಿಯ ಕಚೇರಿಯೊಳಗೇ ತಂತಿಗೆ ಕಿವಿಗೊಟ್ಟವನಿಗೆ ಎಲ್ಲವೂ ಮೊದಲಿನಂತೆಯೇ ಕಾಣುತ್ತದೆ. ಆದ್ದರಿಂದ ‘ವಿಪಿಎನ್ ಇದೆಯಲ್ಲ’ ಎಂದು ಒಳಗಿನ ಸರ್ವರ್‌ಗಳಿಗೆ ಎಚ್‌ಟಿಟಿಪಿಎಸ್ ಹಾಕದೆ ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಹೆಚ್ಚು ಕಾಡುವ ತೊಂದರೆ ಗಾತ್ರದ್ದು. ಹೊಸ ವಿಳಾಸ ಮತ್ತು ಭದ್ರತೆಯ ಗುರುತುಗಳು ಸೇರಿ ಪ್ಯಾಕೆಟ್ 50ಕ್ಕೂ ಹೆಚ್ಚು ಬೈಟ್ ಹಿಗ್ಗುತ್ತದೆ. ಸಾಮಾನ್ಯವಾಗಿ ದಾರಿಯ ಮಿತಿ 1500 ಬೈಟ್. ಆಗಲೇ ತುಂಬಿದ ಪ್ಯಾಕೆಟ್ ಟನಲ್‌ನಲ್ಲಿ ಹಿಡಿಯುವುದಿಲ್ಲ. ‘ಚಿಕ್ಕದು ಮಾಡು’ ಎಂದು ರೂಟರ್ ಕಳಿಸುವ ಸೂಚನೆಯನ್ನು ಫೈರ್‌ವಾಲ್ ತಡೆದರೆ ಕಳಿಸಿದ ಕಂಪ್ಯೂಟರಿಗೆ ವಿಷಯವೇ ಗೊತ್ತಾಗದು. ಆಗ ಪಿಂಗ್ ಸರಾಗ, ಲಾಗಿನ್ ಪುಟವೂ ಬರುತ್ತದೆ, ದೊಡ್ಡ ಫೈಲ್ ಮಾತ್ರ ನಡುವೆ ನಿಂತುಬಿಡುತ್ತದೆ. ಲಿನಕ್ಸ್‌ನಲ್ಲಿ ಹೀಗೆ ಪರೀಕ್ಷಿಸಬಹುದು:

```
ping -M do -s 1472 10.1.0.5
ping -M do -s 1400 10.1.0.5
```

ಮೊದಲನೆಯದು ಸೋತು ಎರಡನೆಯದು ಗೆದ್ದರೆ ಗಾತ್ರವೇ ಕಾರಣವೆಂದು ತಿಳಿಯಬಹುದು. ರೂಟರ್‌ನಲ್ಲಿ ಟಿಸಿಪಿಯ ಎಂಎಸ್‌ಎಸ್ ಮಿತಿಯನ್ನು 1360ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಫೈಲ್‌ಗಳು ಮತ್ತೆ ಹರಿಯತೊಡಗುತ್ತವೆ.