ಮೇಕ್ ಎಲ್ಲಿ, ಡೂ ಎಲ್ಲಿ?

ಕನ್ನಡದಲ್ಲಿ ನಾವು ಹೋಮ್‌ವರ್ಕ್ ಮಾಡುತ್ತೇವೆ, ತಪ್ಪು ಮಾಡುತ್ತೇವೆ, ನಿರ್ಧಾರವನ್ನೂ ಮಾಡುತ್ತೇವೆ. ಮೂರಕ್ಕೂ ‘ಮಾಡು’ ಒಂದೇ ಸಾಕು. ಇಂಗ್ಲಿಷ್‌ನಲ್ಲಿ ಹಾಗಲ್ಲ. ಹೋಮ್‌ವರ್ಕ್‌ಗೆ ‘ಡೂ’ ಬೇಕು, ಮಿಸ್ಟೇಕ್‌ಗೂ ಡಿಸಿಷನ್‌ಗೂ ‘ಮೇಕ್’ ಬೇಕು. ‘ಐ ಡಿಡ್ ಎ ಮಿಸ್ಟೇಕ್’ ಎಂದರೆ ಕೇಳಿದವರಿಗೆ ಅರ್ಥವೇನೋ ಆಗುತ್ತದೆ, ವ್ಯಾಕರಣವೂ ಕೆಟ್ಟಿಲ್ಲ. ಆದರೆ ಇಂಗ್ಲಿಷ್ ಮನೆಮಾತಾದವರು ಹಾಗೆ ಹೇಳುವುದಿಲ್ಲ.

ಒಂದು ಪದ ತನ್ನ ಪಕ್ಕದಲ್ಲಿ ಇಂಥದ್ದೇ ಪದ ಇರಲಿ ಎಂದು ಹಟ ಹಿಡಿಯುವ ಈ ಬಳಕೆಗೆ ಕೊಲೊಕೇಶನ್ ಎನ್ನುತ್ತಾರೆ. ಇದು ಇಂಗ್ಲಿಷಿಗೆ ಮಾತ್ರ ಅಂಟಿದ ಗುಣವಲ್ಲ. ನಾವು ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ, ಹೂ ಮುಡಿಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಇಷ್ಟಕ್ಕೂ ಇಂಗ್ಲಿಷಿನವರ ಬಳಿ ಇರುವುದು ‘ವೇರ್’ ಒಂದೇ. ಕನ್ನಡ ಕಲಿಯುವ ಅವರಲ್ಲೊಬ್ಬರು ‘ಹೂ ಉಟ್ಟಳು’ ಎಂದರೆ ನಮ್ಮ ಕಿವಿಗೆ ಹೇಗೆ ಕೇಳಿಸುತ್ತದೋ, ನಮ್ಮ ‘ಡಿಡ್ ಎ ಮಿಸ್ಟೇಕ್’ ಅವರಿಗೆ ಹೆಚ್ಚುಕಡಿಮೆ ಹಾಗೆಯೇ ಕೇಳಿಸುತ್ತದೆ.

ಮೇಕ್ ಮತ್ತು ಡೂ ನಡುವೆ ಒಂದು ಅರೆಬರೆ ನಿಯಮವಿದೆ. ಮೊದಲು ಇಲ್ಲದಿದ್ದದ್ದು ನಮ್ಮಿಂದ ಹುಟ್ಟಿದರೆ ಸಾಮಾನ್ಯವಾಗಿ ಮೇಕ್: ಪ್ಲಾನ್, ಪ್ರಾಮಿಸ್, ನಾಯ್ಸ್, ಡಿಸಿಷನ್. ಮಾಡಿ ಮುಗಿಸಬೇಕಾದ ಕೆಲಸ ಮೊದಲೇ ನಮ್ಮ ಮುಂದೆ ಇದ್ದರೆ ಡೂ: ಹೋಮ್‌ವರ್ಕ್, ಎಕ್ಸರ್‌ಸೈಜ್, ಲಾಂಡ್ರಿ, ಪಾತ್ರೆ ತೊಳೆಯುವ ‘ಡೂ ದ ಡಿಶಸ್’. ಹೋಮ್‌ವರ್ಕ್ ಕೊಟ್ಟವರು ಮೇಷ್ಟರು, ಹುಡುಗ ಅದನ್ನು ಮಾಡಿ ಮುಗಿಸುತ್ತಾನೆ ಅಷ್ಟೆ. ನಿರ್ಧಾರವಾದರೋ ಅದನ್ನು ಮಾಡುವವರ ಮನಸ್ಸಿನಲ್ಲೇ ಹುಟ್ಟುತ್ತದೆ.

ಈ ನಿಯಮ ನೆನಪಿಗೆ ಊರುಗೋಲಾದೀತು, ಪೂರ್ತಿ ಭಾರ ಹಾಕುವಂತಿಲ್ಲ. ಹಾಸಿಗೆ ಮೊದಲೇ ಇದೆ, ಸರಿಪಡಿಸುವುದಷ್ಟೇ ನಮ್ಮ ಕೆಲಸ. ಆದರೂ ‘ಮೇಕ್ ದ ಬೆಡ್’. ಹಾನಿ ಹೊಸದಾಗಿ ಉಂಟಾಗುತ್ತದೆ. ಆದರೂ ‘ಡೂ ಡ್ಯಾಮೇಜ್’. ಅಕ್ಕಪಕ್ಕದ ಭಾಷೆಗಳನ್ನು ನೋಡಿದರೆ ಇದು ತರ್ಕದ ಮಾತಲ್ಲವೆಂದು ಇನ್ನೂ ಸ್ಪಷ್ಟವಾಗುತ್ತದೆ. ಫ್ರೆಂಚರು ನಿರ್ಧಾರವನ್ನು ತೆಗೆದುಕೊಳ್ಳುತ್ತಾರೆ. ಜರ್ಮನ್ನರು ಅದಕ್ಕೆ ಬಳಸುವ ಕ್ರಿಯಾಪದಕ್ಕೆ ಬೇರೆ ಕಡೆ ‘ಭೇಟಿಯಾಗು’, ‘ಗುರಿ ತಾಗು’ ಎಂಬ ಅರ್ಥ. ಹೋಮ್‌ವರ್ಕ್‌ಗೆ ಅವರು ಬಳಸುವುದು ಇಂಗ್ಲಿಷಿನ ಮೇಕ್‌ಗೆ ಒಡಹುಟ್ಟಾದ ‘ಮಾಖೆನ್’. ಬ್ರಿಟನ್ನಿನಲ್ಲೇ ‘ಟೇಕ್ ಎ ಡಿಸಿಷನ್’ ಎನ್ನುವವರೂ ಇದ್ದಾರೆ. ಕಾರಣ ಹುಡುಕುತ್ತ ಹೋದರೆ ಕೊನೆಗೆ ಸಿಗುವುದು ತಲೆಮಾರುಗಳ ರೂಢಿಯೇ.

ಹಾಗಿದ್ದರೆ ಕಲಿಯುವುದು ಹೇಗೆ? ಬಹಳಷ್ಟು ಮಂದಿ ಎಡವುವುದು ಮೊದಲ ಹೆಜ್ಜೆಯಲ್ಲೇ. ಮೇಕ್‌ಗೆ ಒಂದು ಪಟ್ಟಿ, ಡೂಗೆ ಇನ್ನೊಂದು ಪಟ್ಟಿ ಬರೆದು ಒಟ್ಟಿಗೆ ಬಾಯಿಪಾಠ ಮಾಡುತ್ತಾರೆ. ವಾರದೊಳಗೆ ಎರಡೂ ಪಟ್ಟಿ ಕಲಸಿಹೋಗುತ್ತವೆ. ನನ್ನ ಮಟ್ಟಿಗೆ ಸರಿಯಾದ ದಾರಿ ಇದಕ್ಕೆ ತಿರುವುಮುರುವು. ಮಾತಾಡುವಾಗ ನಮ್ಮ ತಲೆಗೆ ಮೊದಲು ಬರುವುದು ತಪ್ಪು, ನಿರ್ಧಾರ, ಸಾಲ ಎಂಬ ನಾಮಪದ. ತಡಕಾಡುವುದು ಅದರ ಕ್ರಿಯಾಪದಕ್ಕೆ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ತಲೆಬರಹ ನಾಮಪದದ್ದೇ ಇರಲಿ.

‘ಮಿಸ್ಟೇಕ್’ ತೆಗೆದುಕೊಳ್ಳಿ. ಆಕ್ಸ್‌ಫರ್ಡ್ ಕೊಲೊಕೇಶನ್ಸ್ ಡಿಕ್ಷನರಿಯಂಥ ನಿಘಂಟಿನಲ್ಲಿ ಆ ಪದ ತೆರೆದರೆ, ಜೊತೆಗೂಡುವ ಪದಗಳು ಅಲ್ಲೇ ಸಿಗುತ್ತವೆ. ಎಲ್ಲವನ್ನೂ ಇಳಿಸಿಕೊಳ್ಳಬೇಡಿ. ತಪ್ಪು ಮಾಡಲು ಮೇಕ್, ಒಪ್ಪಿಕೊಳ್ಳಲು ಅಡ್ಮಿಟ್, ತಿದ್ದಲು ಕರೆಕ್ಟ್, ದೊಡ್ಡ ತಪ್ಪಿಗೆ ಸೀರಿಯಸ್: ಇಷ್ಟು ಸಾಕು. ಕೆಳಗೆ ನಿಮ್ಮದೇ ಬದುಕಿನ ಒಂದು ವಾಕ್ಯ ಬರೆಯಿರಿ: ‘ಐ ಮೇಡ್ ಎ ಮಿಸ್ಟೇಕ್ ಇನ್ ದ ಬಿಲ್’. ಮರುದಿನ ಕ್ರಿಯಾಪದದ ಮೇಲೆ ಬೆರಳಿಟ್ಟು ಮುಚ್ಚಿ, ನಾಮಪದ ಮಾತ್ರ ನೋಡಿ ಹೇಳಿ. ನಾಲಿಗೆ ತಡವರಿಸಿದರೆ ಆ ಜೋಡಿ ಇನ್ನೂ ಕೂಡಿಕೊಂಡಿಲ್ಲ ಎಂದೇ ಲೆಕ್ಕ.

ಪತ್ರಿಕೆ ಓದುವಾಗ ಇನ್ನೊಂದು ಎಚ್ಚರ ಬೇಕು. ಜೋಡಿಪದಗಳು ಯಾವಾಗಲೂ ಅಕ್ಕಪಕ್ಕದಲ್ಲಿ ಇರುವುದಿಲ್ಲ. ‘ದ ಡಿಸಿಷನ್ ದಟ್ ದ ಕಮಿಟಿ ಮೇಡ್’ ಎಂಬಲ್ಲಿ ನಾಮಪದ ಮುಂದೆ, ಅದರ ಮೇಡ್ ಮೂರು ಪದ ದಾಟಿ ಕೊನೆಯಲ್ಲಿ. ನಾಮಪದಕ್ಕೆ ಗೆರೆ ಎಳೆದು, ಅದರ ಕ್ರಿಯಾಪದ ಎಲ್ಲಿದೆ ಎಂದು ಹುಡುಕಿದರೆ ಕಣ್ಣು ಪಳಗುತ್ತದೆ.

ಕನ್ನಡಕ್ಕೂ ಇಂಗ್ಲಿಷಿಗೂ ಹೊಂದುವ ಜೋಡಿಗಳಿಗೆ ಸಮಯ ಕೊಡಬೇಕಿಲ್ಲ. ಪ್ರಶ್ನೆ ಕೇಳುವುದು ಅಲ್ಲಿಯೂ ‘ಆಸ್ಕ್’, ಅದು ತಾನಾಗಿಯೇ ಬರುತ್ತದೆ. ತೊಂದರೆ ಕೊಡುವುದು ಹೊಂದದ ಜೋಡಿಗಳು. ಜೋರು ಮಳೆ, ಜೋರು ಗಾಳಿ ಎರಡಕ್ಕೂ ನಮಗೆ ‘ಜೋರು’ ಒಂದೇ. ಅಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’. ನಾವು ಪರೀಕ್ಷೆ ಬರೆಯುತ್ತೇವೆ, ಬ್ರಿಟನ್ನಿನವರು ಪರೀಕ್ಷೆಗೆ ‘ಸಿಟ್’ ಅಥವಾ ‘ಟೇಕ್’ ಎನ್ನುತ್ತಾರೆ. ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟಗಳನ್ನು ಇಂಥವುಗಳಿಗೇ ಮೀಸಲಿಡಿ.