ಹಿಟ್ ರೇಷಿಯೋ 99.6%, ಆದರೂ ಸರ್ವರ್ ನಿಧಾನ

ಸಣ್ಣ ಪಾರ್ಸೆಲ್ ಸೇವೆಯೊಂದರ ಜಾಲತಾಣವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 2 ಜಿಬಿ ಮೆಮೊರಿಯ ಒಂದೇ ಒಂದು ಬಾಡಿಗೆ ಸರ್ವರ್. ವೆಬ್ ಸರ್ವರ್, ಪಿಎಚ್‌ಪಿ, ಮೈಎಸ್‌ಕ್ಯೂಎಲ್ 8.0 ಮೂರೂ ಅದರಲ್ಲೇ ಓಡುತ್ತಿವೆ. ಗಿರಾಕಿಗಳು ತಮ್ಮ ಮೊಬೈಲ್ ನಂಬರ್ ಕೊಟ್ಟು ಪಾರ್ಸೆಲ್ ಎಲ್ಲಿಗೆ ಬಂತು ಎಂದು ನೋಡುತ್ತಾರೆ. ಬೆಳಗ್ಗೆ ತಟ್ಟನೆ ತೆರೆಯುವ ಪುಟಕ್ಕೆ ಸಂಜೆ ಆರರ ಮೇಲೆ ಏಳೆಂಟು ಸೆಕೆಂಡು ಬೇಕಾಗುತ್ತದೆ. ಸರ್ವರ್ ನೋಡಿಕೊಳ್ಳುವವರು ಕ್ಯಾಶ್ ಹಿಟ್ ರೇಷಿಯೋ ಲೆಕ್ಕ ಹಾಕಿದರೆ 99.6% ಬರುತ್ತದೆ. ಇಷ್ಟಿದ್ದ ಮೇಲೆ ಮೆಮೊರಿ ಸಾಕಷ್ಟಿದೆ, ತೊಂದರೆ ಬೇರೆಲ್ಲೋ ಇದೆ ಎಂದುಕೊಂಡರೆ ದಾರಿ ತಪ್ಪಿದಂತೆಯೇ. ಆ ಅಂಕಿ ಸುಳ್ಳಲ್ಲ, ಆದರೆ ಅದು ಉತ್ತರಿಸುತ್ತಿರುವುದು ನಾವು ಕೇಳದ ಪ್ರಶ್ನೆಗೆ.

ಮೈಎಸ್‌ಕ್ಯೂಎಲ್‌ನಲ್ಲಿ ದತ್ತಾಂಶವನ್ನು ಇಟ್ಟು ತೆಗೆಯುವ ಕೆಲಸ ಇನ್ನೊಡಿಬಿ ಎಂಬ ಎಂಜಿನ್‌ನದು. ಅದು ಟೇಬಲ್‌ಗಳನ್ನೂ ಇಂಡೆಕ್ಸ್‌ಗಳನ್ನೂ 16 ಕೆಬಿ ಅಳತೆಯ ಪುಟಗಳಾಗಿ ಡಿಸ್ಕ್‌ನಲ್ಲಿ ಇಟ್ಟಿರುತ್ತದೆ. ಒಂದೇ ಒಂದು ಸಾಲು ಬೇಕೆಂದರೂ ಆ ಸಾಲಿರುವ ಇಡೀ ಪುಟ ಮೆಮೊರಿಗೆ ಬರಲೇಬೇಕು. ಹಾಗೆ ಬಂದ ಪುಟಗಳು ಉಳಿದುಕೊಳ್ಳುವ ಜಾಗವೇ ಬಫರ್ ಪೂಲ್. ಜಾಗ ತುಂಬಿದಾಗ ಬಹಳ ಹೊತ್ತಿನಿಂದ ಯಾರೂ ಮುಟ್ಟದ ಪುಟ ಹೊರಹೋಗಿ ಹೊಸದಕ್ಕೆ ಎಡೆ ಸಿಗುತ್ತದೆ. ಮೈಎಸ್‌ಕ್ಯೂಎಲ್ 8.0 ಹಾಕಿ ಏನನ್ನೂ ಬದಲಿಸದೆ ಬಿಟ್ಟರೆ ಈ ಪೂಲ್‌ನ ಗಾತ್ರ 128 ಎಂಬಿ. ನಮ್ಮ ಪಾರ್ಸೆಲ್ ಸೇವೆಯ ದತ್ತಾಂಶ ಸುಮಾರು 1,400 ಎಂಬಿ.

ಪೂಲ್ ಹೇಗೆ ನಡೆಯುತ್ತಿದೆ ಎಂದು ತಿಳಿಯಲು ಎರಡು ಎಣಿಕೆಗಳು ಸಾಕು.

```sql
SHOW GLOBAL STATUS LIKE 'Innodb_buffer_pool_read%';
```

ಇದು ಕೊಡುವ ಪಟ್ಟಿಯಲ್ಲಿ `Innodb_buffer_pool_read_requests` ಎಂಬುದು ಪುಟ ಬೇಕೆಂದು ಪೂಲ್‌ಗೆ ಬಂದ ಒಟ್ಟು ಬೇಡಿಕೆಗಳ ಲೆಕ್ಕ. `Innodb_buffer_pool_reads` ಎಂಬುದು ಪೂಲ್‌ನಲ್ಲಿ ಸಿಗದೆ ಡಿಸ್ಕ್‌ನಿಂದ ಓದಬೇಕಾಗಿ ಬಂದವುಗಳ ಲೆಕ್ಕ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ, 1ರಿಂದ ಕಳೆದು, 100ರಿಂದ ಗುಣಿಸಿದರೆ ಹಿಟ್ ರೇಷಿಯೋ. ನಮ್ಮ ಸರ್ವರ್‌ನಲ್ಲಿ ಬೇಡಿಕೆ 81,24,50,000, ಡಿಸ್ಕ್ ಓದು 31,00,000. ಹಾಗಾಗಿಯೇ 99.6%.

ಆದರೆ ಈ ಎರಡೂ ಎಣಿಕೆಗಳು ಮೈಎಸ್‌ಕ್ಯೂಎಲ್ ಶುರುವಾದ ಕ್ಷಣದಿಂದ ಏರುತ್ತಲೇ ಬಂದವು. ಯಾರೂ ಬಳಸದ ರಾತ್ರಿಗಳು, ಬಿಡುವಾಗಿದ್ದ ಮಧ್ಯಾಹ್ನಗಳು ಎಲ್ಲವೂ ಅದರಲ್ಲಿ ಸೇರಿವೆ. ವಾರಗಟ್ಟಲೆ ಕಾಲದ ಸರಾಸರಿಯಲ್ಲಿ ಸಂಜೆಯ ಎರಡು ಗಂಟೆಗಳ ನರಳಾಟ ಕರಗಿಹೋಗುತ್ತದೆ. ನೋಡಬೇಕಾದದ್ದು ನಿಧಾನವಾಗಿರುವ ಹೊತ್ತಿನ ಒಂದು ನಿಮಿಷವನ್ನು. ಸಂಜೆ ಏಳರ ಸುಮಾರಿಗೆ ಮೇಲಿನ ಆಜ್ಞೆಯನ್ನು ಒಮ್ಮೆ ಕೊಟ್ಟು, 60 ಸೆಕೆಂಡು ಬಿಟ್ಟು ಮತ್ತೊಮ್ಮೆ ಕೊಟ್ಟು, ವ್ಯತ್ಯಾಸವನ್ನು ಬರೆದುಕೊಳ್ಳಬೇಕು. ಆ ಒಂದು ನಿಮಿಷದಲ್ಲಿ ಬೇಡಿಕೆ 12,00,000, ಡಿಸ್ಕ್ ಓದು 54,000 ಎಂದಿಟ್ಟುಕೊಳ್ಳಿ. ರೇಷಿಯೋ 95.5%ಕ್ಕೆ ಇಳಿಯಿತು.

ಇದಕ್ಕಿಂತ ಮುಖ್ಯವಾದದ್ದು 54,000 ಎಂಬ ಅಂಕಿ. 60ರಿಂದ ಭಾಗಿಸಿದರೆ ಸೆಕೆಂಡಿಗೆ 900 ಓದು. ಸಣ್ಣ ಬಾಡಿಗೆ ಸರ್ವರ್‌ಗಳ ಡಿಸ್ಕ್‌ಗೆ ಸೆಕೆಂಡಿಗೆ ಇಷ್ಟೇ ಓದು ಎಂಬ ಮಿತಿ ಇರುವುದು ಸಾಮಾನ್ಯ. ಆ ಮಿತಿ ಹತ್ತಿರವಾದಾಗ ಪ್ರತಿ ಓದೂ ಸಾಲಿನಲ್ಲಿ ಕಾಯುತ್ತದೆ, ಅದರ ಹಿಂದೆ ಗಿರಾಕಿಯ ಪುಟವೂ ಕಾಯುತ್ತದೆ. ಶೇಕಡಾವಾರು ಲೆಕ್ಕದಲ್ಲಿ ಈ ಹೊರೆ ಕಾಣುವುದೇ ಇಲ್ಲ. ಸೆಕೆಂಡಿಗೆ ಒಂದು ಲಕ್ಷ ಬೇಡಿಕೆ ಬರುವ ಕಡೆ 99% ಎಂದರೂ ಡಿಸ್ಕ್ ಮೇಲೆ ಬೀಳುವುದು ಸಾವಿರ ಓದು. ಸೆಕೆಂಡಿಗೆ ನೂರೇ ಬೇಡಿಕೆ ಬರುವ ಕಡೆ 90% ಇದ್ದರೂ ಡಿಸ್ಕ್ ಹಾಯಾಗಿರುತ್ತದೆ. ಜೊತೆಗೆ `vmstat 1` ಓಡಿಸಿ `wa` ಕಾಲಂ ನೋಡಬೇಕು. ಡಿಸ್ಕ್‌ಗಾಗಿ ಪ್ರೊಸೆಸರ್ ಕಾಯುತ್ತಿದ್ದರೆ ಅಲ್ಲಿ ದೊಡ್ಡ ಅಂಕಿ ನಿಂತಿರುತ್ತದೆ. ಅದು ಸೊನ್ನೆಯ ಆಸುಪಾಸಿನಲ್ಲಿದ್ದರೆ, ಆ ಓದುಗಳಿಗೆ ಆಪರೇಟಿಂಗ್ ಸಿಸ್ಟಂನ ಫೈಲ್ ಕ್ಯಾಶ್‌ನಿಂದಲೇ ಉತ್ತರ ಸಿಗುತ್ತಿರಬಹುದು. ಏಕೆಂದರೆ ಪೂಲ್‌ನ ಆಚೆ ಏನಾಯಿತು ಎಂಬುದು ಇನ್ನೊಡಿಬಿಗೆ ತಿಳಿಯುವುದಿಲ್ಲ.

ನಮ್ಮ ಸರ್ವರ್‌ನಲ್ಲಿ `wa` ಏರಿದೆ, ಪೂಲ್ ಚಿಕ್ಕದಾಗಿದೆ ಎಂಬುದು ಖಚಿತ. ಈಗ ಎಷ್ಟು ದೊಡ್ಡದು ಮಾಡಬೇಕು? ಮೆಮೊರಿಯ 70ರಿಂದ 80% ಕೊಡಿ ಎಂಬ ಮಾತು ಪ್ರಚಾರದಲ್ಲಿದೆ. ಡೇಟಾಬೇಸ್ ಬಿಟ್ಟರೆ ಬೇರೇನೂ ಓಡದ ಸರ್ವರ್‌ಗೆ ಅದು ಸರಿ. ಎಲ್ಲವನ್ನೂ ಒಂದೇ ಕಡೆ ಹೊತ್ತ 2 ಜಿಬಿ ಸರ್ವರ್‌ಗೆ ಅದು ಕುತ್ತು. ಇಲ್ಲಿ ಲೆಕ್ಕವನ್ನು ತಿರುವಿ ಹಾಕಬೇಕು: ಮೊದಲು ಉಳಿದವರ ಪಾಲು ತೆಗೆದು, ಮಿಕ್ಕಿದ್ದರಲ್ಲಿ ಪೂಲ್‌ಗೆ.

`free -m` ಒಟ್ಟು ಮೆಮೊರಿ 1,950 ಎಂಬಿ ಎನ್ನುತ್ತದೆ. ಆಪರೇಟಿಂಗ್ ಸಿಸ್ಟಂ ಮತ್ತು ವೆಬ್ ಸರ್ವರ್‌ಗೆ 250. ಪಿಎಚ್‌ಪಿಯ ಎಂಟು ಪ್ರೊಸೆಸ್‌ಗಳು ತಲಾ 50ರಂತೆ 400. ಪೂಲ್ ಬಿಟ್ಟು ಮೈಎಸ್‌ಕ್ಯೂಎಲ್‌ನ ಉಳಿದ ಖರ್ಚು, ಅಂದರೆ ಪರ್ಫಾರ್ಮೆನ್ಸ್ ಸ್ಕೀಮಾ, ಪ್ರತಿ ಕನೆಕ್ಷನ್ ಕೇಳುವ ತುಂಡು ಮೆಮೊರಿ ಇತ್ಯಾದಿಗೆ 350. ಮಿಕ್ಕಿದ್ದು 950. ಅಷ್ಟನ್ನೂ ಕೊಟ್ಟುಬಿಡುವಂತಿಲ್ಲ. ಪುಟಗಳ ಲೆಕ್ಕ ಇಟ್ಟುಕೊಳ್ಳಲು ಇನ್ನೊಡಿಬಿ ತನಗೆ ಹೇಳಿದ್ದಕ್ಕಿಂತ ಸುಮಾರು 10% ಹೆಚ್ಚು ತೆಗೆದುಕೊಳ್ಳುತ್ತದೆ, ಮತ್ತೆ ಬ್ಯಾಕಪ್‌ನಂಥ ಕೆಲಸಗಳಿಗೂ ಸ್ವಲ್ಪ ಕೈಯಲ್ಲಿರಬೇಕು. ಹಾಗಾಗಿ 640 ಎಂಬಿ. ಪೂಲ್ 128 ಎಂಬಿಯ ತುಂಡುಗಳಲ್ಲಿ ಬೆಳೆಯುವುದರಿಂದ ಅದರ ಐದು ಪಟ್ಟನ್ನೇ ಆರಿಸಿಕೊಂಡದ್ದು. 600 ಎಂದು ಕೊಟ್ಟಿದ್ದರೂ ಅದು ತಾನಾಗಿಯೇ 640ಕ್ಕೆ ಏರುತ್ತಿತ್ತು.

```sql
SET PERSIST innodb_buffer_pool_size = 671088640;
```

ಮೈಎಸ್‌ಕ್ಯೂಎಲ್ 8.0ರಲ್ಲಿ ಇದಕ್ಕೆ ರೀಸ್ಟಾರ್ಟ್ ಬೇಕಿಲ್ಲ, ಮುಂದೆ ರೀಸ್ಟಾರ್ಟ್ ಆದರೂ ಬೆಲೆ ಉಳಿಯುತ್ತದೆ. ಗಾತ್ರ ಬದಲಾಗುವ ಹೊತ್ತಿನಲ್ಲಿ ಕ್ವೆರಿಗಳು ಒಂದಿಷ್ಟು ತಡವರಿಸಬಹುದು, ಆದ್ದರಿಂದ ಜನ ಕಡಿಮೆ ಇರುವಾಗ ಮಾಡುವುದು ಲೇಸು. ದೊಡ್ಡದಾದ ಪೂಲ್‌ನ ಹೊಸ ಜಾಗ ಮೊದಲಿಗೆ ಖಾಲಿಯಿರುತ್ತದೆ. ತುಂಬುವವರೆಗೆ ಡಿಸ್ಕ್ ಓದು ಹೆಚ್ಚೇ ಇರುವುದರಿಂದ, ಅಳತೆಯನ್ನು ಮರುದಿನ ಸಂಜೆ ಅದೇ ಹೊತ್ತಿಗೆ ತೆಗೆಯಬೇಕು.

1,400 ಎಂಬಿ ದತ್ತಾಂಶಕ್ಕೆ 640 ಸಾಲುತ್ತದೆಯೇ ಎಂಬ ಅನುಮಾನ ಸಹಜ. ಪಾರ್ಸೆಲ್ ಸೇವೆಯಲ್ಲಿ ಜನ ಹುಡುಕುವುದು ಈ ವಾರದ, ಈ ತಿಂಗಳ ಪಾರ್ಸೆಲ್‌ಗಳನ್ನು. ಎರಡು ವರ್ಷ ಹಿಂದಿನ ಸಾಗಣೆಯ ವಿವರ ಡಿಸ್ಕ್‌ನಲ್ಲಿ ಮಲಗಿದ್ದರೆ ಯಾರಿಗೂ ನಷ್ಟವಿಲ್ಲ. ಮೆಮೊರಿಯಲ್ಲಿ ಇರಬೇಕಾದದ್ದು ದಿನನಿತ್ಯ ಕೈಯಾಡುವ ಭಾಗ ಮಾತ್ರ. ಮರುದಿನದ ಒಂದು ನಿಮಿಷದ ಲೆಕ್ಕ ಅದನ್ನೇ ಹೇಳುತ್ತದೆ: ಬೇಡಿಕೆ 11,80,000, ಡಿಸ್ಕ್ ಓದು 2,950. ಸೆಕೆಂಡಿಗೆ 900 ಇದ್ದದ್ದು 49ಕ್ಕೆ ಇಳಿಯಿತು, ರೇಷಿಯೋ 99.75%ಕ್ಕೆ ಏರಿತು.

ಇದೇ ಜೋಶ್‌ನಲ್ಲಿ 1,500 ಎಂಬಿ ಕೊಟ್ಟಿದ್ದರೆ ಏನಾಗುತ್ತಿತ್ತು? ಪಿಎಚ್‌ಪಿ ತನ್ನ ಪಾಲು ಕೇಳಿದಾಗ ಮೆಮೊರಿ ಸಾಲದೆ, ಆಪರೇಟಿಂಗ್ ಸಿಸ್ಟಂ ಪೂಲ್‌ನ ಭಾಗಗಳನ್ನೇ ಡಿಸ್ಕ್‌ನ ಸ್ವಾಪ್ ಜಾಗಕ್ಕೆ ತಳ್ಳುತ್ತದೆ. ಇನ್ನೊಡಿಬಿಗೆ ಇದು ಗೊತ್ತಾಗುವುದಿಲ್ಲ. ಪುಟ ನನ್ನ ಪೂಲ್‌ನಲ್ಲೇ ಇದೆ ಎಂದು ಅದು ಹಿಟ್ ಎಂದೇ ಬರೆದುಕೊಳ್ಳುತ್ತದೆ, ನಿಜದಲ್ಲಿ ಆ ಪುಟ ಡಿಸ್ಕ್‌ನಿಂದ ವಾಪಸು ಬರಬೇಕು. ರೇಷಿಯೋ 99.9% ತೋರಿಸುತ್ತಿರುವಾಗಲೇ ಸರ್ವರ್ ಕುಂಟುತ್ತದೆ. ಇದನ್ನು ಹಿಡಿಯುವುದು `vmstat 1`ರ `si` ಮತ್ತು `so` ಕಾಲಂಗಳಲ್ಲಿ. ಅವೆರಡೂ ಸೊನ್ನೆಗೆ ಇಳಿಯದೆ ಆಡುತ್ತಲೇ ಇದ್ದರೆ ಪೂಲ್ ಅತಿಯಾಗಿದೆ ಎಂದರ್ಥ. ಸ್ವಾಪ್ ಇಲ್ಲದ ಸರ್ವರ್‌ನಲ್ಲಾದರೆ ಲಿನಕ್ಸ್ ಅತಿ ಹೆಚ್ಚು ಮೆಮೊರಿ ಹಿಡಿದ ಪ್ರೊಸೆಸ್ಸನ್ನೇ ಕೊಲ್ಲಲು ಹೊರಡುತ್ತದೆ. ಸಾಮಾನ್ಯವಾಗಿ ಅದು `mysqld`. ರಾತ್ರೋರಾತ್ರಿ ಡೇಟಾಬೇಸ್ ತಾನಾಗಿ ನಿಂತು ಶುರುವಾಗಿದ್ದರೆ `dmesg`ನಲ್ಲಿ `Out of memory` ಎಂಬ ಸಾಲು ಇದೆಯೇ ನೋಡಬೇಕು.

ನಮ್ಮ ಸರ್ವರ್‌ಗೆ ಹಿಂತಿರುಗಿದರೆ, ಡಿಸ್ಕ್ ಶಾಂತವಾಗಿದೆ, ಸ್ವಾಪ್ ಸೊನ್ನೆ. ಆದರೂ ಮೊಬೈಲ್ ನಂಬರ್ ಹುಡುಕುವ ಪುಟ ಮಾತ್ರ ಇನ್ನೂ ಜಡ, ಪ್ರೊಸೆಸರ್ ಬಿಸಿಯಾಗಿದೆ. ಈಗ ನೋಡಬೇಕಾದದ್ದು ಮೊದಲ ಎಣಿಕೆಯನ್ನು. ನಿಮಿಷಕ್ಕೆ ಸುಮಾರು ಹನ್ನೆರಡು ಲಕ್ಷ ಪುಟಗಳ ಬೇಡಿಕೆ ಇಷ್ಟು ಸಣ್ಣ ಸೇವೆಗೆ ಏಕೆ?

```sql
EXPLAIN SELECT * FROM parcels WHERE mobile = '0000000000';
```

ಉತ್ತರದಲ್ಲಿ `type` ಕೆಳಗೆ `ALL` ಎಂದಿದ್ದರೆ, ಒಂದು ನಂಬರ್‌ಗಾಗಿ ಇಡೀ ಟೇಬಲ್ ಓದಲಾಗುತ್ತಿದೆ ಎಂದು ತಿಳಿಯಬೇಕು. 48 ಎಂಬಿಯ ಈ ಟೇಬಲ್‌ನಲ್ಲಿ ಸುಮಾರು 3,000 ಪುಟಗಳಿವೆ. ನಿಮಿಷಕ್ಕೆ 200 ಜನ ಹುಡುಕಿದರೆ 6 ಲಕ್ಷ ಬೇಡಿಕೆ ಅಲ್ಲೇ ಆಯಿತು. ಒಟ್ಟು ಬೇಡಿಕೆಯ ಅರ್ಧ! ಟೇಬಲ್ ಈಗ ಪೂಲ್‌ನಲ್ಲೇ ಕೂತಿರುವುದರಿಂದ ಇವೆಲ್ಲ ಹಿಟ್‌ಗಳೇ. ರೇಷಿಯೋ ಅಷ್ಟು ಚೆನ್ನಾಗಿ ಕಾಣುತ್ತಿದ್ದುದಕ್ಕೆ ಈ ವ್ಯರ್ಥ ಓಡಾಟವೂ ಕಾರಣ.

```sql
ALTER TABLE parcels ADD INDEX idx_mobile (mobile);
```

ಇಂಡೆಕ್ಸ್ ಬಂದ ಮೇಲೆ ಒಂದು ಹುಡುಕಾಟಕ್ಕೆ ಬೆರಳೆಣಿಕೆಯ ಪುಟಗಳು ಸಾಕು. ಒಂದು ಎಚ್ಚರಿಕೆಯಿದೆ: `mobile` ಕಾಲಂ ಅಕ್ಷರ ರೂಪದ್ದಾಗಿದ್ದು, ಪ್ರೋಗ್ರಾಮ್ ನಂಬರನ್ನು ಉದ್ಧರಣ ಚಿಹ್ನೆಯಿಲ್ಲದೆ ಅಂಕಿಯಾಗಿ ಕಳಿಸಿದರೆ ಮೈಎಸ್‌ಕ್ಯೂಎಲ್ ಆ ಇಂಡೆಕ್ಸ್ ಬಳಸಲಾರದು. ಇಂಡೆಕ್ಸ್ ಹಾಕಿದ ಮೇಲೂ `ALL` ಹೋಗದಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಮತ್ತೆ ಒಂದು ನಿಮಿಷ ಅಳೆಯೋಣ. ಬೇಡಿಕೆ 5,85,000ಕ್ಕೆ ಇಳಿದಿದೆ. ಡಿಸ್ಕ್ ಓದು 2,900, ಹೆಚ್ಚು ಕಡಿಮೆ ಮೊದಲಿನಷ್ಟೇ. ರೇಷಿಯೋ 99.75ರಿಂದ 99.5%ಕ್ಕೆ ಇಳಿಯಿತು, ಪುಟ ಮಾತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತಿದೆ. ರೇಷಿಯೋವನ್ನೇ ನಂಬಿ ಕೂತವರಿಗೆ ಈ ಸುಧಾರಣೆ ಹಿನ್ನಡೆಯಂತೆ ಕಂಡೀತು.

ಆದ್ದರಿಂದ ಈ ಸರ್ವರ್ ನೋಡಿಕೊಳ್ಳುವವರು ತಿಂಗಳಿಗೊಮ್ಮೆ ಸಂಜೆಯ ಹೊತ್ತಿನಲ್ಲಿ ಬರೆದಿಡಬೇಕಾದದ್ದು ಮೂರು ಅಂಕಿ: ಸೆಕೆಂಡಿಗೆ ಎಷ್ಟು ಬೇಡಿಕೆ, ಸೆಕೆಂಡಿಗೆ ಎಷ್ಟು ಡಿಸ್ಕ್ ಓದು, `si`–`so` ಸೊನ್ನೆಯಿದೆಯೇ. ಗಿರಾಕಿಗಳು ಹೆಚ್ಚದೆ ಬೇಡಿಕೆ ಮಾತ್ರ ಏರಿದರೆ ಕ್ವೆರಿಯಲ್ಲಿ ತಪ್ಪಿದೆ. ಕ್ವೆರಿಗಳೆಲ್ಲ ನೆಟ್ಟಗಿದ್ದೂ ಡಿಸ್ಕ್ ಓದು 49ರಿಂದ ನೂರಾರಕ್ಕೆ ಏರಿ ಅಲ್ಲೇ ನಿಂತರೆ, ದಿನಬಳಕೆಯ ದತ್ತಾಂಶ 640 ಎಂಬಿ ಮೀರಿ ಬೆಳೆದಿದೆ. 4 ಜಿಬಿ ಸರ್ವರ್‌ಗೆ ದುಡ್ಡು ಕಟ್ಟುವ ಮಾತು ಆಗ ಬರಬೇಕು, ಅದಕ್ಕೆ ಮುಂಚೆ ಅಲ್ಲ.